ಹಸಿರು ಸೀರೆಯ ಹೆಂಗಸು

ಹಳೆಯ ಪುಸ್ತಕ ತೋರಿಸಲು ಬರುವವರನ್ನು ನಾನು ನಂಬುವುದಿಲ್ಲ. ಪುಸ್ತಕವನ್ನೂ ನಂಬುವುದಿಲ್ಲ, ಅದು ಬೇರೆ ಮಾತು. ಮೈಸೂರಿನ ಒಂದು ಹಸ್ತಪ್ರತಿ ಸಂಗ್ರಹದಲ್ಲಿ ಕೂತು ಹಳೆಯ ಕಾಗದ, ಕಲ್ಲಿನ ಬಣ್ಣ, ಚಿನ್ನದ ಶಾಯಿ ಪರೀಕ್ಷೆ ಮಾಡುವುದೇ ನನ್ನ ನೌಕರಿಯಾಗಿತ್ತು. ನಿವೃತ್ತಳಾಗಿ ರಾಮನಗರಕ್ಕೆ ಬಂದು ಮನೆ ಮಾಡಿದ ಮೇಲೂ ಜನ ಬಿಡಲಿಲ್ಲ. ಮಾಗಡಿಯವರು ಬಂದರೆ ಅವರ ಪುಸ್ತಕ ಕೋಟೆ ಕಟ್ಟಿದ ಕಾಲದ್ದು. ಚನ್ನಪಟ್ಟಣದವರದು ಸುಲ್ತಾನರ ಕಾಲದ್ದು. ಕನಕಪುರದಿಂದ ಒಬ್ಬರು ತಂದದ್ದಂತೂ ಸಾಕ್ಷಾತ್ ಋಷಿಗಳು ಬರೆದದ್ದಾಗಿತ್ತು, ರಟ್ಟಿನ ಒಳಗಡೆ ಹಳೇ ಬೆಂಕಿಪೊಟ್ಟಣದ ಚೀಟಿ ಅಂಟಿಸಿದ್ದರೂ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ನಾನು ಹುಟ್ಟಿದ ಹೊಂಗನೂರಿನಲ್ಲಿ ಎಲ್ಲರಿಗೂ ಗೊತ್ತು. ನನಗೆ ಅದರ ಮೇಲೆ ಸಂಬಳ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಆ ಹೆಂಗಸು ಬಂದದ್ದು ಮಹಾಲಯ ಅಮಾವಾಸ್ಯೆಗೆ ಇನ್ನೂ ಸ್ವಲ್ಪ ದಿನ ಇರುವಾಗ. ಐವತ್ತರ ಆಸುಪಾಸು, ಕೈಯಲ್ಲಿ ಸೌತೆಕಾಯಿಯ ಚೀಲ. ಕಲ್ಯದ ಹತ್ತಿರದ ಒಂದು ಊರಿನವಳು, ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಪುಸ್ತಕ ತಂದಿರಲಿಲ್ಲ. ಬರಿಗೈಯಲ್ಲಿ ಬರುವವರ ಮೇಲೆ ನನಗೆ ಅನುಮಾನ ಇನ್ನೂ ಒಂದು ತೂಕ ಜಾಸ್ತಿ.

"ಪುಸ್ತಕ ನಮ್ಮ ಹಿರಿಮನೇಲೈತೆ ಕಣಮ್ಮ. ಬೀಗದ ಕೈ ಅವ್ರುದು, ಓದು ನಮ್ದು" ಅಂದಳು.

ವಿಷಯ ಹೀಗಿತ್ತು. ಅವರ ವಂಶದ ಹಿರಿಯರೊಬ್ಬರು ಊರಿನ ಪಟೇಲರಾಗಿದ್ದವರು, ಮೈಸೂರಿನ ಚಿತ್ರಗಾರರಿಂದ ದೇವಿಯ ಕಥೆಯ ಒಂದು ಪುಸ್ತಕ ಬರೆಸಿದ್ದರು. ಕಾಗದದ್ದು, ಚಿನ್ನ ಹಾಕಿದ ಚಿತ್ರಗಳದ್ದು. ಆ ಪಟೇಲರಿಗೆ ಇಬ್ಬರು ಹೆಂಡಂದಿರು. ಹಿರಿಯಾಕೆಯ ಸಂತಾನ ಹಿರಿಮನೆ, ಕಿರಿಯಾಕೆಯದು ಕಿರಿಮನೆ. ಪುಸ್ತಕದ ಮೊದಲ ಚಿತ್ರದಲ್ಲಿ ದೇವಿಯ ಪಾದದ ಬಳಿ ಪಟೇಲರೂ ಇಬ್ಬರು ಹೆಂಗಸರೂ ಕೈಮುಗಿದು ಕೂತಿದ್ದಾರೆ. ಯಾವ ಮನೆಯ ಹೆಂಗಸು ಆ ಚಿತ್ರದಲ್ಲಿ ಇದ್ದಾಳೋ ಆ ಮನೆಗೆ ಮಾತ್ರ ಪುಸ್ತಕದ ಮೇಲೆ ಹಕ್ಕು. ನವರಾತ್ರಿಗೆ ಪುಸ್ತಕ ಕಿರಿಮನೆಗೆ ಬರುತ್ತದೆ, ಕಿರಿಮನೆಯ ಸೊಸೆ ಒಂಬತ್ತು ದಿನ ಓದುತ್ತಾಳೆ, ಊರು ಕೂತು ಕೇಳುತ್ತದೆ. ಅತ್ತೆ ಸೊಸೆಗೆ ಕಲಿಸಿ ಬಂದ ಓದು ಅದು, ಈಗ ಓದುವವಳು ಇವಳೇ. ಪದ ಪದಕ್ಕೆ ಜಾಗ ಬಿಡದೆ ಒಂದಕ್ಕೊಂದು ಅಂಟಿಸಿ ಬರೆದ ಹಳೇ ಅಕ್ಷರವನ್ನು ಓದುವುದು ಸುಲಭವಲ್ಲ. ನನ್ನ ಜೊತೆ ಕೆಲಸ ಮಾಡಿದ ಪದವೀಧರರು ತಿಣುಕಿದ್ದನ್ನು ನೋಡಿದ್ದೇನೆ.

ಈಗ ಹಿರಿಮನೆಯ ಗೌಡರು ಹೊಸ ಪೂಜಾಮಂದಿರ ಕಟ್ಟಿಸಿದ್ದಾರೆ. ಪುಸ್ತಕ ಇನ್ನು ಮೇಲೆ ಅಲ್ಲೇ ಇರಬೇಕು, ಕನಕಪುರದಿಂದ ಒಬ್ಬ ಪಂಡಿತರನ್ನು ಕರೆಸಿ ಮೈಕಿನಲ್ಲಿ ಓದಿಸಬೇಕು ಅನ್ನುವುದು ಅವರ ಆಸೆ. ಅದಕ್ಕೆ ಅವರಿಗೆ ಸಿಕ್ಕ ಕಾರಣ: ಚಿತ್ರದಲ್ಲಿರುವ ಎರಡನೆಯ ಹೆಂಗಸು ಮೊದಲಿನಿಂದ ಇದ್ದವಳಲ್ಲ, ಕಿರಿಮನೆಯವರು ಆಮೇಲೆ ಬರೆಸಿ ಸೇರಿಸಿದ್ದು.

"ಯಾರಾದ್ರೂ ಆ ಚಿತ್ರ ಮುಟ್ಟಿದ್ದಾರಾ? ಬಣ್ಣ ಗಿಣ್ಣ ಏನಾದ್ರೂ?" ಎಂದು ಕೇಳಿದೆ.

"ಇಲ್ಲ ಕಣಮ್ಮ. ಯಾರೂ ಏನೂ ಮಾಡಿಲ್ಲ."

ತೀರಾ ಬೇಗ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆಗಲೇ ನನಗೆ ಮನಸ್ಸಿನಲ್ಲಿ ಏನೋ ಕೆರೆಯಿತು. ಆದರೂ ಎದ್ದು ಹೋಗುವಾಗ ಅವಳು ಅಂದ ಮಾತಿಗೆ ನಾನು ಒಪ್ಪಿಕೊಂಡೆ: "ಓದೋದ್ ಬುಟ್ರೆ ನಂಗೆ ಇನ್ನೇನೂ ಬರಕ್ಕಿಲ್ಲ. ಅದೊಂದ್ ಕಿತ್ಕೊಂಡ್ರೆ ನಾನು ಆ ಊರಾಗೆ ಯಾರು?"

ಹಿರಿಮನೆಯ ಗೌಡರು ಫೋನಿನಲ್ಲಿ ಧಾರಾಳವಾಗಿ ಮಾತಾಡಿದರು. ನೀವು ಏನು ಹೇಳಿದರೂ ಎರಡೂ ಮನೆ ಒಪ್ಪುತ್ತದೆ, ಊರಿನವರ ಮುಂದೆ ಮಾತಾಗಿದೆ, ಬರವಣಿಗೆಯಲ್ಲಿ ಕೊಟ್ಟುಬಿಡಿ ಎಂದರು. ಇಷ್ಟು ಧೈರ್ಯ ಇರುವವನಿಗೆ ಉತ್ತರ ಮೊದಲೇ ಗೊತ್ತಿರಬೇಕು ಎಂದು ಅವರ ಮೇಲೂ ಅನುಮಾನ ಬಂತು. ಒಬ್ಬಳ ಮೇಲೆ ಮಾತ್ರ ಅನುಮಾನ ಪಡುವುದು ಪಕ್ಷಪಾತ.

ಹೋದ ದಿನ ಒಳ್ಳೆಯ ಬಿಸಿಲಿತ್ತು. ಅದು ಬೇಕಾಗಿತ್ತು, ಬಣ್ಣ ನೋಡಲು ಬಿಸಿಲಿನ ಪಕ್ಕದ ನೆರಳಿನಷ್ಟು ಒಳ್ಳೆಯ ಬೆಳಕು ಇನ್ನೊಂದಿಲ್ಲ. ಹಿರಿಮನೆಯ ಪಡಸಾಲೆಯಲ್ಲಿ ಮೇಜು ಹಾಕಿ ಬಿಳೀ ಪಂಚೆ ಹಾಸಿದ್ದರು. ಗೌಡರು ಎಪ್ಪತ್ತರ ಗಟ್ಟಿಯಾಳು, ಇಸ್ತ್ರಿ ಮಾಡಿದ ಅಂಗಿ. ಅವರ ಹೆಂಡತಿ, ಊರೆಲ್ಲ ಗೌಡತಿ ಎಂದು ಕರೆಯುವ ತೆಳ್ಳನೆಯ ಮುದುಕಿ, ಬಾಗಿಲ ಪಕ್ಕ ನಿಂತಿದ್ದರು. ಓದುವಾಕೆ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಅವಳಿಗೆ ಯಾರೂ ಚಾಪೆ ಕೊಟ್ಟಿರಲಿಲ್ಲ.

"ಮೊದ್ಲು ಒಸಿ ಮಜ್ಜಿಗೆ ಕುಡೀರವ್ವ" ಎಂದರು ಗೌಡತಿ.

"ಕೆಲಸ ಮುಗೀಲಿ" ಅಂದೆ. ತೀರ್ಪು ಹೇಳುವ ಮನೆಯಲ್ಲಿ ನಾನು ನೀರೂ ಕುಡಿಯುವುದಿಲ್ಲ. ಮಜ್ಜಿಗೆಗೂ ಋಣ ಅಂತ ಒಂದಿರುತ್ತದೆ.

ಗೌಡರು ಪೆಟ್ಟಿಗೆಯ ಬೀಗ ತೆಗೆದು ಕೆಂಪು ರೇಷ್ಮೆ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟರು. ನಾನು ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಗಂಟು ಬಿಚ್ಚಿದೆ.

ಮೊದಲು ಕಾಗದ. ಒಂದು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಒಳಗಿಂದ ಸಮನಾದ ಗೆರೆಗಳೂ ಒಂದು ಕಿರೀಟದ ನೀರ್ಗುರುತೂ ಕಂಡವು. ಕಾಗದ ಮಾಡುವಾಗಲೇ ಅಚ್ಚಿನ ತಂತಿಯಿಂದ ಬೀಳುವ ಗುರುತು ಅದು, ವಿಲಾಯಿತಿ ಕಾಗದ.

"ನಮ್ದು ಕೋಟೆ ಕಟ್ಟಿಸ್ದಾಗಿನ್ ಪುಸ್ತಕ" ಎಂದರು ಗೌಡರು.

"ಕೋಟೆ ಕಟ್ಟಿದವರಿಗೆ ಈ ಕಾಗದ ಸಿಕ್ತಿರ್ಲಿಲ್ಲ ಗೌಡ್ರೆ. ಇದು ಹಡಗಿನಲ್ಲಿ ಬಂದದ್ದು. ನಿಮ್ಮ ಮುತ್ತಾತನ ಕಾಲ, ಇಲ್ಲ ಅವರಪ್ಪನ ಕಾಲ. ಅದಕ್ಕಿಂತ ಹಿಂದೆ ಹೋಗಲ್ಲ."

ಅವರ ಮುಖ ಸ್ವಲ್ಪ ಸಣ್ಣಗಾಯಿತು. ಜನಕ್ಕೆ ಪುಸ್ತಕ ಚೆನ್ನಾಗಿದೆ ಅಂದರೆ ಸಾಲದು, ಹಳೆಯದು ಅನ್ನಬೇಕು. ಹಳೆಯದು ಅಂದರೂ ಸಾಲದು, ಪಕ್ಕದ ಮನೆಯವರದಕ್ಕಿಂತ ಹಳೆಯದು ಅನ್ನಬೇಕು.

ಚಿತ್ರ ತೆರೆದೆ. ನಿಜ ಹೇಳಬೇಕು, ಎದೆ ತುಂಬಿತು. ಅಷ್ಟು ಚೆನ್ನಾದ ಕೆಲಸ ಹಳ್ಳಿಯ ಪೆಟ್ಟಿಗೆಯೊಳಗೆ ನೋಡಿ ಬಹಳ ದಿನವಾಗಿತ್ತು. ದೇವಿಯ ಸೀರೆಗೆ ಇಂಗಳೀಕದ ಕೆಂಪು, ಕಲ್ಲನ್ನು ಅರೆದು ಮಾಡಿದ್ದು, ಇವತ್ತಿಗೂ ಮಂಕಾಗಿಲ್ಲ. ಪ್ರಭಾವಳಿಗೆ ಚಿನ್ನದ ರೇಕನ್ನು ಗೋಂದಿನಲ್ಲಿ ತೇಯ್ದು ಮಾಡಿದ ಶಾಯಿ. ಬಳಿದ ಮೇಲೆ ನಯವಾದ ಕಲ್ಲಿನಿಂದ ಉಜ್ಜಿದ ಗುರುತು ಭೂತಗನ್ನಡಿಯಲ್ಲಿ ಕಾಣುತ್ತಿತ್ತು. ಹಾಳೆ ಓರೆ ಮಾಡಿದರೆ ಚಿನ್ನ ಒಮ್ಮೆಲೇ ಎದ್ದು ಬೆಳಗುತ್ತಿತ್ತು. ಅಸಲಿ ಚಿನ್ನಕ್ಕೆ ವಯಸ್ಸಾಗುವುದಿಲ್ಲ. ಕಪ್ಪಾಗುವುದಿಲ್ಲ, ಹಸಿರಾಗುವುದಿಲ್ಲ.

ಪಾದದ ಬಳಿ ಪಟೇಲರು. ಅವರ ಪಕ್ಕ ಕೆಂಪು ಸೀರೆಯ ಹಿರಿಯಾಕೆ, ಮುಖ ನಿನ್ನೆ ಬರೆದಷ್ಟು ಶುಭ್ರ. ಅವಳ ಪಕ್ಕ ಹಸಿರು ಸೀರೆಯ ಕಿರಿಯಾಕೆ.

ಕಿರಿಯಾಕೆಯ ಮುಖ ಸರಿಯಾಗಿರಲಿಲ್ಲ. ಬೇರೆ ಮುಖಗಳ ರೆಪ್ಪೆ, ಹುಬ್ಬು ಕೂದಲೆಳೆಯ ಗೆರೆಗಳು, ಇವಳದು ದಪ್ಪ. ಬಿಳುಪು ಸುಣ್ಣದ ಗೋಡೆಯ ಹಾಗೆ ಚಪ್ಪಟೆ. ಅವಳ ಮೂಗುತಿ, ಕೊರಳ ಅಡ್ಡಿಕೆ, ಬಳೆಗಳ ಚಿನ್ನ ಕಂದು ತಿರುಗಿ, ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಿಲುಬು ಕಟ್ಟಿದರೆ ಅದು ಚಿನ್ನವಲ್ಲ, ಹಿತ್ತಾಳೆ ಪುಡಿ. ಮುಖದ ಅಂಚಿನಲ್ಲಿ ಸೂಜಿಮೊನೆಯಷ್ಟು ಒಂದು ಹುಳುವಿನ ತೂತು. ಬಿಳಿ ಬಣ್ಣ ಆ ತೂತಿನ ಒಳಗೋಡೆಗೂ ಇಳಿದಿತ್ತು. ಹುಳು ತಿಂದಾದ ಮೇಲೆ ಬಣ್ಣ ಹಚ್ಚಿದರೆ ಮಾತ್ರ ಹಾಗಾಗುತ್ತದೆ. ಇದನ್ನು ತಿಳಿಯಲು ಮೈಸೂರಿಗೆ ಹೋಗಿ ಓದಬೇಕಿಲ್ಲ. ತೂತು ಬಿದ್ದ ಬಾಗಿಲಿಗೆ ಬಣ್ಣ ಹೊಡೆದವರನ್ನು ಕೇಳಿದರೂ ಹೇಳುತ್ತಾರೆ.

ನಾನು ಓದುವಾಕೆಯ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

"ಒಂದು ಕಂಬಳಿ ಕೊಡಿ" ಎಂದೆ ಗೌಡತಿಗೆ.

ನನ್ನ ಬಳಿ ಒಂದು ನೇರಳೆ ಬೆಳಕಿನ ಟಾರ್ಚು ಇದೆ. ಕಣ್ಣಿಗೆ ಒಂದೇ ಥರ ಕಾಣುವ ಬಣ್ಣಗಳು ಕತ್ತಲಲ್ಲಿ ಆ ಬೆಳಕು ಬಿದ್ದರೆ ಬೇರೆ ಬೇರೆಯಾಗಿ ಬೆಳಗುತ್ತವೆ. ಹಳೇ ಚಿತ್ರಗಾರರ ಬಿಳುಪು ಸೀಸದ್ದು, ಅದು ಮಂಕಾಗಿ ಉಳಿಯುತ್ತದೆ. ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವ ಸತುವಿನ ಬಿಳುಪು ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಹಗಲು ಹೊತ್ತಿನಲ್ಲಿ ಕತ್ತಲೆ ಬೇಕಲ್ಲ, ಅದಕ್ಕೇ ಕಂಬಳಿ. ತಲೆಯ ಮೇಲೆ ಮುಸುಕು ಹಾಕಿಕೊಂಡು, ಕಂಬಳಿ ಹಾಳೆಗೆ ತಗಲದಂತೆ ಮೊಣಕೈ ಊರಿ ಟಾರ್ಚು ಒತ್ತಿದೆ.

ದೇವಿಯ ಮುಖ ಮಂಕು. ಪಟೇಲರದು ಮಂಕು. ಹಿರಿಯಾಕೆಯದು ಮಂಕು. ಕಿರಿಯಾಕೆಯ ಮುಖ ಮಾತ್ರ ಬೆಳಗಿತು.

"ನಂಗೂ ಒಸಿ ತೋರ್ಸಿ" ಎಂದು ಗೌಡರು ಕಂಬಳಿಯೊಳಗೆ ತಲೆ ತೂರಿಸಿದರು. ನೋಡಿದ್ದೇ ತಡ, ಹೊರಗೆ ಬಂದು ಅಂಗಿ ಸರಿಮಾಡಿಕೊಂಡರು. "ನಾ ಹೇಳ್ನಿಲ್ವಾ? ಯಾರ್ ಕಣ್ಗೆ ಮಣ್ಣೆರಚ್ತೀರ? ಬರ್ಕೊಡಿ ಮೇಡಮ್ಮಾರೆ, ಆಮೇಕ್ ಸೇರ್ಸಿದ್ದು ಅಂತ."

ನನಗೆ ಓದುವಾಕೆಯ ಮೇಲೆ ಸಿಟ್ಟು ಬಂತು. ನನ್ನ ಮನೆಯಲ್ಲಿ ಕೂತು, ನನ್ನ ಕಾಫಿ ಕುಡಿದು, ಯಾರೂ ಏನೂ ಮಾಡಿಲ್ಲ ಅಂದವಳು. "ಏನಮ್ಮ, ನನ್ನ ಹತ್ರಾನೇ ಸುಳ್ಳಾ? ಈ ಬಿಳುಪು ಹಳೇದಲ್ಲ. ಯಾರು ಬರೆದದ್ದು?" ಎಂದು ಜೋರಾಗಿಯೇ ಕೇಳಿದೆ.

ಅವಳು ಸೆರಗನ್ನು ಕೈಗೆ ಸುತ್ತಿಕೊಂಡು ಬಿಚ್ಚಿದಳು.

"ನಾನೇಯ" ಅಂದಳು.

"ನೋಡ್ದ್ರಾ" ಎಂದರು ಗೌಡರು.

"ಮುಖ ಪೂರ್ತಿ ಅಳಿಸ್ಹೋಗಿತ್ತು ಕಣಮ್ಮ. ನಮ್ಮತ್ತೆ ಇರಗಂಟ ಅವ್ರೇ ಕುಂಕುಮ ಇಡೋರು. ಅವ್ರು ತೀರ್ಕಂಡ್ ವರ್ಸ ಪುಸ್ತಕ ನನ್ ಕೈಗ್ ಬಂತು. ತೆಗ್ದು ನೋಡ್ತೀನಿ, ಮುಖಾನೇ ಇಲ್ಲ. ಮುಖ ಇಲ್ದಿರೋ ಹೆಣ್ಗೆ ಕುಂಕುಮ ಎಲ್ಲಿಗ್ ಇಡ್ಲಿ? ಚನ್ನಪಟ್ಣಕ್ ಹೋಗಿ ಬೊಂಬೆ ಬಣ್ಣದ ಅಂಗ್ಡೀಲಿ ಬಿಳೀದೊಂದು, ಚಿನ್ನದ್ ಪುಡಿ ಒಂದು ತಂದೆ. ಹಳೇ ಮುಖ ಎಂಗಿತ್ತೋ ನನ್ಗ್ ಗೊತ್ತಿರ್ನಿಲ್ಲ. ನಮ್ಮತ್ತೆ ಮುಖ ಬರ್ದೆ."

ನಾನು ಆ ಚಪ್ಪಟೆ ಮುಖವನ್ನು ಮತ್ತೆ ನೋಡಿದೆ. ದಪ್ಪ ಹುಬ್ಬು, ಸ್ವಲ್ಪ ಅಗಲ ದವಡೆ. ನನಗೆ ಅಳುವೂ ಬಂತು, ಅವಳ ಕೆನ್ನೆಗೆ ಎರಡು ಕೊಡಬೇಕೆಂದೂ ಅನಿಸಿತು. ಅಂಥ ಚಿತ್ರದ ಮೇಲೆ ಹಿತ್ತಾಳೆ ಪುಡಿ!

ಗೌಡರು ಬಿಡಲಿಲ್ಲ. "ಮುಖ ಬರ್ದೋಳು ಮೈ ಬರ್ದಿಲ್ಲ ಅಂತ ಏನ್ ಗ್ಯಾರಂಟಿ? ಇವ್ಳಲ್ದಿದ್ರೆ ಇವ್ರತ್ತೆ ಬರ್ಸವ್ಳೆ. ಅಲ್ಲಿ ಹೆಣ್ಣೇ ಇರ್ನಿಲ್ಲ."

ಮಾತು ಸಿಟ್ಟಿನದಾದರೂ ಪ್ರಶ್ನೆ ಸರಿಯಾಗಿತ್ತು. ಅವಳ ಮಾತು ನನಗೆ ಸಾಕ್ಷಿಯಲ್ಲ. ಕಣ್ಣೀರು ಹಾಕಿ ನನ್ನ ಕೈಯಲ್ಲಿ ಹಳೆಯದು ಅನ್ನಿಸಲು ನೋಡಿದವರನ್ನು ಎಷ್ಟೋ ಕಂಡಿದ್ದೇನೆ. ಕುಂಕುಮ ಇಟ್ಟೂ ಇಟ್ಟೂ ಮುಖ ಅಳಿಸಿತು ಅನ್ನುವುದು ನಿಜವಾದರೆ ಅದರ ಗುರುತು ಹಾಳೆಯ ಮೇಲೆ ಇರಲೇಬೇಕು. ಇಲ್ಲದಿದ್ದರೆ ಇದು ಈಗ ಕಟ್ಟಿದ ಕಥೆ. ನಾನು ಮತ್ತೆ ಕಂಬಳಿ ಹೊದ್ದುಕೊಂಡೆ.

ಮೊದಲ ಸಲ ನೋಡಿದಾಗ ನಾನು ಆತುರ ಮಾಡಿದ್ದೆ. ಮುಖ ಬೆಳಗಿದ್ದೇ ಸಾಕೆಂದು ಟಾರ್ಚು ಆರಿಸಿದ್ದೆ. ಈಗ ಬೆಳಕನ್ನು ನಿಧಾನವಾಗಿ ಸರಿಸಿದೆ. ಬೆಳಗುತ್ತಿದ್ದದ್ದು ಮುಖ ಮಾತ್ರವಲ್ಲ. ಹಣೆಯ ಮೇಲೆ, ಕಪ್ಪು ಕೂದಲಿನ ಮೇಲೆ, ಬಿಳಿ ಬಣ್ಣ ಹಚ್ಚದೇ ಇರುವ ಕಡೆಯಲ್ಲೂ ಹಳದಿ ಹೊಳಪು ಮಚ್ಚೆ ಮಚ್ಚೆಯಾಗಿ ಹರಡಿತ್ತು. ಒಂದೊಂದು ಮಚ್ಚೆಯೂ ಬೆರಳ ತುದಿಯಷ್ಟಗಲ. ಒಂದರ ಮೇಲೊಂದು, ಲೆಕ್ಕ ಸಿಗದಷ್ಟು. ಅರಿಶಿನ. ಕುಂಕುಮದ ಜೊತೆ ಇಟ್ಟ ಅರಿಶಿನ ಆ ಬೆಳಕಿನಲ್ಲಿ ಹಾಗೆಯೇ ಬೆಳಗುತ್ತದೆ, ಬಿಸಿಲು ಕಾಣದೆ ಮುಚ್ಚಿಟ್ಟ ಪುಸ್ತಕದಲ್ಲಂತೂ ಬಹಳ ಕಾಲ ಉಳಿಯುತ್ತದೆ.

ಕಂಬಳಿ ತೆಗೆದು, ಸಾದಾ ಟಾರ್ಚನ್ನು ಹಾಳೆಗೆ ಸಮವಾಗಿ, ಪಕ್ಕದಿಂದ ಹಿಡಿದೆ. ಓರೆ ಬೆಳಕಿನಲ್ಲಿ ಉಬ್ಬುತಗ್ಗು ಎಲ್ಲ ಎದ್ದು ಕಾಣುತ್ತದೆ. ಬೇರೆ ಕಡೆ ಹಾಳೆಯ ಮೈ ನಯವಾಗಿತ್ತು. ಕಿರಿಯಾಕೆಯ ಹಣೆಯ ಸುತ್ತ ಮಾತ್ರ ಮೈ ಸವೆದು, ನಾರು ಎದ್ದು, ಆ ನಾರುಗಳ ಬುಡದಲ್ಲಿ ಕುಂಕುಮದ ಕೆಂಪು ಕಣಗಳು ಸಿಕ್ಕಿಕೊಂಡಿದ್ದವು. ಬಿಳಿ ಬಣ್ಣ ಅದೆಲ್ಲದರ ಮೇಲೆ ಕೂತಿತ್ತು. ಅಂದರೆ ಸವೆತ ಮೊದಲು, ಬಣ್ಣ ಆಮೇಲೆ. ಚಾಕುವಿನಿಂದ ಕೆರೆದ ಗೆರೆ ಒಂದೂ ಇರಲಿಲ್ಲ. ಇದು ಒದ್ದೆ ಬೆರಳಿನ ಕೆಲಸ, ಮತ್ತು ಒಬ್ಬರ ಕೈಯ ಆಯಸ್ಸಿನಲ್ಲಿ ಆಗುವಂಥದ್ದಲ್ಲ.

ಇನ್ನು ಸೀರೆ. ಅದರ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು, ಚಿತ್ರಗಾರರು ಜಂಗಾಲ ಅನ್ನುತ್ತಾರೆ. ಬಣ್ಣವೇನೋ ಚೆಂದ, ಗುಣ ಕೆಟ್ಟದ್ದು. ವರ್ಷಗಳು ಕಳೆದಂತೆ ಕಾಗದವನ್ನು ಸುಡುತ್ತ ಹೋಗುತ್ತದೆ. ಹಾಳೆ ಮಗುಚಿದೆ. ಹಿಂಬದಿಯಲ್ಲಿ ಸೀರೆಯ ಆಕಾರ ಕಂದಾಗಿ ಇಳಿದಿತ್ತು. ಎದುರು ಪುಟ ನೋಡಿದೆ. ಅಕ್ಷರಗಳ ಸಾಲಿನ ಮೇಲೆ, ಒಲೆಯ ಹೊಗೆ ಹಿಡಿದ ಹಾಗೆ, ಕಾಲು ಮಡಿಸಿ ಕೂತ ಒಬ್ಬ ಹೆಂಗಸಿನ ಕಂದು ನೆರಳು. ಪುಸ್ತಕ ಮುಚ್ಚಿದ್ದಷ್ಟೂ ಕಾಲ ಹಸಿರು ಎದುರು ಪುಟವನ್ನು ಒತ್ತಿಕೊಂಡು ಬರೆದ ನೆರಳು ಅದು. ಮಡಿಲಿನ ಬಳಿ ಒಂದು ಹುಳುವಿನ ತೂತು ಹಸಿರನ್ನೂ ಹಾದು, ಹಾಳೆಯನ್ನೂ ಹಾದು, ಎದುರು ಪುಟದ ನೆರಳಿನ ಮಧ್ಯಕ್ಕೆ ಹೋಗಿತ್ತು. ಇದರ ಒಳಗೋಡೆಗೆ ಬಣ್ಣ ಇಳಿದಿರಲಿಲ್ಲ. ಅಂಚು ಕೊರೆದಂತೆ ಚೊಕ್ಕ. ಇಲ್ಲಿ ಬಣ್ಣ ಮೊದಲು, ಹುಳು ಆಮೇಲೆ.

"ಎಲ್ಲರೂ ಬನ್ನಿ" ಎಂದು ಕರೆದು ಒಂದೊಂದಾಗಿ ತೋರಿಸಿದೆ. ಗೌಡರಿಗೆ ಭೂತಗನ್ನಡಿ ಕೊಟ್ಟೆ. ಎರಡು ತೂತುಗಳನ್ನೂ ಅವರು ಬಹಳ ಹೊತ್ತು ನೋಡಿದರು. ಗೌಡತಿಯನ್ನೂ ಕಂಬಳಿಯೊಳಗೆ ಕರೆದು ಅರಿಶಿನದ ಮಚ್ಚೆಗಳನ್ನು ತೋರಿಸಿದೆ.

"ಕಿರಿಯಾಕೆ ಮೊದಲಿನಿಂದ ಇದ್ದವಳೇ" ಎಂದೆ. "ಸೀರೆ, ಮೈ, ಕೂತ ರೀತಿ ಎಲ್ಲ ದೇವಿಯನ್ನು ಬರೆದ ಕೈಯದ್ದೇ. ಮುಖ ಮತ್ತು ಒಡವೆಯ ಬಣ್ಣ ಆಮೇಲಿನದು, ಅದನ್ನೂ ಬರೆಯುತ್ತೇನೆ. ಆದರೆ ಆ ಬಣ್ಣ ಹಚ್ಚಬೇಕಾಗಿ ಬಂದದ್ದು ಯಾಕೆ ಗೊತ್ತಾ? ತಲೆತಲಾಂತರದಿಂದ ಅವಳಿಗೆ ಪೂಜೆ ನಡೆದದ್ದಕ್ಕೆ. ಕಿರಿಮನೆಯ ಹಕ್ಕಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ."

ಓದುವಾಕೆ ಕಂಬ ಹಿಡಿದುಕೊಂಡಳು. ಗೆದ್ದವಳ ಹಾಗೆ ಕಾಣಲಿಲ್ಲ.

ಗೌಡರ ಕಣ್ಣು ಮಾತ್ರ ಹಾಳೆಯಿಂದ ಏಳಲಿಲ್ಲ. ಅನುಮಾನ ಅನ್ನುವುದು ಮನೆಗೆ ಬಂದ ನೆಂಟನಲ್ಲ, ಹೋಗು ಅಂದರೆ ಹೋಗುವುದಕ್ಕೆ. ಅದೀಗ ತಿರುಗಿ ಅವರ ಮನೆಯೊಳಕ್ಕೇ ನುಗ್ಗಿತ್ತು. "ಅಂಗಾರೆ ನಮ್ಮನೆ ಹಿರಿಯಾಕೆ ಮುಖ ಯಾಕ್ ಇಂಗೆ ಒಂದ್ ಚೂರೂ ಸವ್ದಿಲ್ಲ? ಹೊಸದ್ರಂಗೈತಲ್ಲ. ಆಯಮ್ಮನೇ ಆಮೇಕ್ ಬಂದೋಳಾ?" ದನಿ ಇಳಿದಿತ್ತು. ಪಾಪ, ಹೆದರಿದ್ದರು.

"ಅಲ್ಲ ಗೌಡ್ರೆ. ಬಿಳುಪು ಹಳೇದು, ಚಿನ್ನ ಅಸಲಿ. ಅವರೂ ಮೊದಲಿನವರೇ." ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ನಾಲಿಗೆಗೆ ನಿಲ್ಲುವ ಅಭ್ಯಾಸವಿಲ್ಲ. "ಅವರ ಮುಖ ಯಾಕೆ ಹೊಸದರ ಹಾಗಿದೆ ಅಂದರೆ, ಅವರಿಗೆ ಯಾರೂ ಒಂದು ದಿನವೂ ಕುಂಕುಮ ಇಟ್ಟಿಲ್ಲ. ಅಷ್ಟೇ."

ಗೌಡರು ಓದುವಾಕೆಯ ಕಡೆ ತಿರುಗಿದರು. "ಒಂಬತ್ ದಿನ ನಿಮ್ಮನೇಲಿರ್ತದಲ್ಲ, ಇಡಕ್ಕೇನಾಗಿತ್ತು?"

"ಅದು ನಿಮ್ಮನೆ ಹೆಣ್ಮಕ್ಳು ಇಡ್ಬೇಕಾದ್ದು ಮಾವ. ನಮ್ಮವ್ರಿಗೆ ನಾವು, ನಿಮ್ಮವ್ರಿಗೆ ನೀವು. ಅಂಗೇ ನಡ್ಕಂಬಂದೈತೆ. ನಿಮ್ಮನೇರು ಯಾರೂ ಬರ್ನಿಲ್ಲ."

"ನಮ್ಮನೆ ಹೆಂಗುಸ್ರು ಇನ್ನೊಂದ್ ಮನೆಗೋಗಿ ಪೂಜೆ ಮಾಡಕ್ಕಿಲ್ಲ" ಎಂದರು ಗೌಡರು. ಹೆಮ್ಮೆಯಿಂದ ಶುರುವಾದ ಮಾತು ಮುಗಿಯುವಷ್ಟರಲ್ಲಿ ಸಪ್ಪಗಾಗಿತ್ತು. ಉಳಿದ ದಿನವೆಲ್ಲ ಪುಸ್ತಕ ಬೀಗದೊಳಗೆ, ಬೀಗದ ಕೈ ಗಂಡಸರ ಸೊಂಟದಲ್ಲಿ. ಹಿರಿಮನೆಯ ಹೆಂಗಸರು ತಮ್ಮ ಮನೆಯಲ್ಲೇ ಇರುವ ಆ ಪುಸ್ತಕವನ್ನು ನೋಡಿಯೇ ಇರಲಿಲ್ಲ.

ಬಾಗಿಲ ಬಳಿಯಿದ್ದ ಗೌಡತಿ ಒಳಗೆ ಹೋದರು. ಮಜ್ಜಿಗೆ ತರಲು ಹೋದರೆಂದುಕೊಂಡು ನಾನು ವರದಿ ಬರೆಯಲು ಕೂತೆ. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಆಕೆ ಹೊರಗೆ ಬಂದಾಗ ಕೈಯಲ್ಲಿ ಕುಂಕುಮದ ಭರಣಿ ಇತ್ತು. ನೆಟ್ಟಗೆ ಮೇಜಿನ ಹತ್ತಿರ ಬಂದು, ನಾನು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬೆರಳನ್ನು ನಾಲಿಗೆಗೆ ತಾಗಿಸಿ ಕುಂಕುಮಕ್ಕೆ ಅದ್ದಿಬಿಟ್ಟರು.

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಕೆಂಪು ಬೆರಳು ಹಿರಿಯಾಕೆಯ ಮುಖದ ಮೇಲೆ ಗಾಳಿಯಲ್ಲಿ ನಿಂತಿತು.

"ಅಮ್ಮ, ಬೇಡಿ. ಇಷ್ಟು ಕಾಲ ಹಾಗೇ ಉಳಿದಿರುವ ಮುಖ. ಹಾಳಾಗುತ್ತೆ."

ಆಕೆಯ ಕೈಯಲ್ಲಿ ಮೂಳೆಯೇ ಹೆಚ್ಚು, ಆದರೆ ಕೈ ಹಿಂದಕ್ಕೆ ಹೋಗಲಿಲ್ಲ. "ನೀವೇ ಅಂದ್ರಲ್ಲವ್ವ, ಒಬ್ರೂ ಇಟ್ಟಿಲ್ಲ ಅಂತ. ಮದ್ವೆಯಾಗಿ ಈ ಮನೆಗ್ ಬಂದಾಗಿಂದ ಈ ಪೆಟ್ಗೆ ನೋಡ್ತಿವ್ನಿ. ನಂಗೆ ಯಾರೂ ಮುಟ್ಟಕ್ಕೆ ಬುಟ್ಟಿಲ್ಲ. ಮುತ್ತೈದೆ ಹಣೆ ಬೋಳಾಗ್ ಕುಂತವ್ಳಲ್ಲವ್ವ."

ನನ್ನ ಬುದ್ಧಿ ಆಗಲೂ ತನ್ನ ಕೆಲಸ ಬಿಡಲಿಲ್ಲ. ಇದು ಭಕ್ತಿಯೋ, ಇಲ್ಲ ಸಾಕ್ಷಿ ತಯಾರು ಮಾಡುವ ಉಪಾಯವೋ? ಸವೆತವೇ ಹಕ್ಕು ಎಂದು ತೀರ್ಪು ಕೊಟ್ಟವಳು ನಾನು. ಹಾಗಾದರೆ ನಾಳೆಯಿಂದ ಸವೆಸಲು ಶುರು ಮಾಡೋಣ ಎಂದು ಯಾರಿಗಾದರೂ ಅನ್ನಿಸಬಹುದು. ಆಕೆಯ ಮುಖ ದಿಟ್ಟಿಸಿ ನೋಡಿದೆ. ಬಣ್ಣ ಓದಿದಷ್ಟು ಸುಲಭವಾಗಿ ಮನುಷ್ಯರನ್ನು ಓದುವುದು ನನಗೆ ಯಾವತ್ತೂ ಬಂದಿಲ್ಲ. ಹೆಂಡತಿ ಪುಸ್ತಕಕ್ಕೆ ಕೈ ಚಾಚಿದ್ದನ್ನು ಗೌಡರೂ ಮೊದಲ ಸಲ ನೋಡುತ್ತಿದ್ದರು.

"ಬುಡಿ ಅಮ್ಮ" ಎಂದಳು ಓದುವಾಕೆ. ಕಂಬ ಬಿಟ್ಟು ಮೇಜಿನ ಹತ್ತಿರ ಬಂದು ನಿಂತಿದ್ದಳು. "ಇಡ್ಲಿ. ಈ ಸಲ ನವರಾತ್ರಿಗೆ ದೊಡ್ಡತ್ತೇನೂ ನಮ್ಮನೆಗ್ ಬರ್ಲಿ. ನಾನ್ ಓದ್ತೀನಿ, ಅವ್ರು ಪಕ್ದಾಗ್ ಕುಂತ್ಕಳ್ಳಿ."

ಮೈಸೂರಿನಲ್ಲಿ ಕೆಲಸ ಮಾಡುವಾಗ ಒಬ್ಬ ದೊಡ್ಡ ಅಧಿಕಾರಿ ಹಾಳೆಯ ಮೇಲೆ ಬೆರಳಿಟ್ಟಾಗ ಅವರ ಕೈಗೆ ಹೊಡೆದು ಮೆಮೊ ತಗೊಂಡವಳು ನಾನು. ನನ್ನ ವಿದ್ಯೆಯೆಲ್ಲ ಬೇಡ ಅನ್ನುತ್ತಿತ್ತು. ನಾನು ಆ ಮಣಿಕಟ್ಟನ್ನು ಬಿಟ್ಟೆ.

ಗೌಡತಿ ಬಗ್ಗಿ, ಬಹಳ ಮೆಲ್ಲಗೆ, ಹಿರಿಯಾಕೆಯ ಹಣೆಗೆ ಬೆರಳು ತಾಗಿಸಿದರು. ಒದ್ದೆ ಕುಂಕುಮ ಬಿಳುಪಿನ ಮೇಲೆ ಸ್ವಲ್ಪ ಹರಡಿತು. ಆಮೇಲೆ ಆ ಕೈಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತರು.

ನಾನು ಕೂತು ವರದಿ ಮುಗಿಸಿದೆ. ಕಾಗದ, ಬಣ್ಣ, ಚಿನ್ನ, ಹುಳುವಿನ ತೂತು, ಕಿರಿಯಾಕೆಯ ಹೊಸ ಮುಖ, ಎಲ್ಲಕ್ಕೂ ನಾವು ಬರೆಯುವ ಹಾಗೆ ಬರೆದೆ: ಇರಬಹುದು, ಸುಮಾರು, ಎಂದು ತೋರುತ್ತದೆ. ಕೊನೆಗೆ ಇನ್ನೊಂದು ಸಾಲು ಬರೆಯಲೇಬೇಕಿತ್ತು. ಹಿರಿಯಾಕೆಯ ಹಣೆಯ ಕುಂಕುಮ, ಮೂಲ ಚಿತ್ರದ್ದಲ್ಲ, ಆಮೇಲೆ ಸೇರಿಸಿದ್ದು. ಅದರ ಮುಂದೆ ಆ ದಿನದ ತಾರೀಖು ಹಾಕಿ, ಸಂಶಯವಿಲ್ಲ ಎಂದು ಬರೆದೆ. ನನ್ನ ಕಣ್ಣ ಮುಂದೆ ಆದದ್ದು.